ಒಂದೇ ಕ್ರಯಪತ್ರ, ಎರಡು ಆಸ್ತಿ: ವಿದ್ಯಾರ್ಥಿನಿಲಯದ ಖರೀದಿಯ ಲೆಕ್ಕ

(2023–24ನೇ ಸಾಲಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)



ಈ ಸಾಲಿನ ಅಢಾವೆ ಪತ್ರಿಕೆಯಲ್ಲಿ ಎರಡು ಹೊಸ ಸಾಲುಗಳಿವೆ. ಒಂದು 'ವಿದ್ಯಾರ್ಥಿನಿಲಯದ ಜಾಗ, ರೂ. 86,58,000'. ಇನ್ನೊಂದು 'ವಿದ್ಯಾರ್ಥಿನಿಲಯದ ಕಟ್ಟಡ, ರೂ. 49,50,000'. ಕರಡು ಲೆಕ್ಕವನ್ನು ಸದಸ್ಯರಿಗೆ ಕಳುಹಿಸಿದ ಮೇಲೆ ನಮಗೆ ಹಲವು ಪ್ರಶ್ನೆಗಳು ಬಂದವು. ನಾವು ಕೊಂಡದ್ದು ಒಂದೇ ಆಸ್ತಿ, ಕ್ರಯಪತ್ರವೂ ಒಂದೇ, ಬೆಲೆ 1 ಕೋಟಿ 20 ಲಕ್ಷ ಎಂದು ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಈ ಎರಡು ಸಂಖ್ಯೆಗಳು ಎಲ್ಲಿಂದ ಬಂದವು? ಎರಡನ್ನೂ ಕೂಡಿದರೆ 1 ಕೋಟಿ 36 ಲಕ್ಷ ದಾಟುವುದು ಹೇಗೆ? ಸರ್ಕಾರಕ್ಕೆ ಕಟ್ಟಿದ ಸುಮಾರು ಎಂಟು ಲಕ್ಷ ರೂಪಾಯಿ ಶುಲ್ಕ ವರ್ಷದ ಖರ್ಚಿನ ಪಟ್ಟಿಯಲ್ಲಿ ಏಕೆ ಕಾಣುತ್ತಿಲ್ಲ? ಕೇಳಿದ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಈ ಲೆಕ್ಕ ಪ್ರತಿವರ್ಷ ವಿದ್ಯಾರ್ಥಿವೇತನಕ್ಕೆ ಎಷ್ಟು ಉಳಿಯುತ್ತದೆ ಎಂಬಲ್ಲಿಗೇ ಬಂದು ಮುಟ್ಟುವುದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇವೆ.

ಮೊದಲು ಆಸ್ತಿಯ ವಿಷಯ. ನಗರಸಭೆ ವ್ಯಾಪ್ತಿಯಲ್ಲಿ 12 ಸೆಂಟ್ಸ್ ಜಾಗ. ಅದರಲ್ಲಿ ಕೆಂಪುಕಲ್ಲಿನ ಗೋಡೆಯ, ಮೇಲೆ ಸ್ಲ್ಯಾಬ್ ಹಾಕಿದ ಎರಡು ಅಂತಸ್ತಿನ ಹಳೆಯ ಕಟ್ಟಡ, ಸುಮಾರು 4,500 ಚದರ ಅಡಿ. ನೋಂದಣಿ ಆದದ್ದು 2023ರ ಅಕ್ಟೋಬರಿನಲ್ಲಿ. ಹಣ ಹೋದದ್ದು ಕಟ್ಟಡ ನಿಧಿಯಿಂದ. ಝಕಾತ್ ಖಾತೆಯಿಂದ ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ಅದು ಅರ್ಹರ ಕೈಗೇ ತಲುಪಬೇಕಾದ ಹಣ, ಅದರ ಬ್ಯಾಂಕ್ ಖಾತೆಯೂ ಬೇರೆ.

ಈಗ ಶುಲ್ಕದ ಮಾತು. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಕೊಂಡರೆ ಮುದ್ರಾಂಕ ಶುಲ್ಕ ಶೇಕಡಾ 5. ಆ ಶುಲ್ಕದ ಮೇಲೆ ಶೇಕಡಾ 10 ಸೆಸ್, ನಗರ ಪ್ರದೇಶವಾದರೆ ಶೇಕಡಾ 2 ಸರ್‌ಚಾರ್ಜ್. ಎಲ್ಲ ಕೂಡಿ ಬೆಲೆಯ ಶೇಕಡಾ 5.6 ಆಗುತ್ತದೆ. ನಾವು ನೋಂದಣಿ ಮಾಡಿಸಿದಾಗ ನೋಂದಣಿ ಶುಲ್ಕ ಬೆಲೆಯ ಶೇಕಡಾ 1 ಇತ್ತು. ಲೆಕ್ಕ ಹಾಕಿದರೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ರೂ. 6,72,000, ನೋಂದಣಿ ಶುಲ್ಕ ರೂ. 1,20,000, ಒಟ್ಟು ರೂ. 7,92,000. ಶುಲ್ಕವನ್ನು ಕ್ರಯಪತ್ರದ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು. ನಮ್ಮ ಆಸ್ತಿಯ ಮಾರ್ಗಸೂಚಿ ಬೆಲೆ 1 ಕೋಟಿ 12 ಲಕ್ಷ ಇದ್ದುದರಿಂದ ಕ್ರಯದ ಬೆಲೆಯ ಮೇಲೆಯೇ ಕಟ್ಟಿದೆವು.

ಈ 7,92,000 ರೂಪಾಯಿ ಕೈಬಿಟ್ಟು ಹೋದ ಹಣವೇ ಹೌದು, ಮತ್ತೆ ವಾಪಸ್ ಬರುವುದಿಲ್ಲ. ಆದರೂ ಅದು ವರ್ಷದ ಖರ್ಚಲ್ಲ. ಕರೆಂಟ್ ಬಿಲ್ಲು ಕಟ್ಟಿದರೆ ಆ ತಿಂಗಳಿಗೆ ಅದರ ಪ್ರಯೋಜನ ಮುಗಿಯಿತು. ಮುದ್ರಾಂಕ ಶುಲ್ಕ ಹಾಗಲ್ಲ. ಅದನ್ನು ಕಟ್ಟದೆ ಈ ಆಸ್ತಿ ನಮ್ಮ ಹೆಸರಿಗೆ ಬರುವಂತೆಯೇ ಇರಲಿಲ್ಲ. ಆಸ್ತಿ ನಮ್ಮ ಬಳಿ ಇರುವಷ್ಟು ಕಾಲ ಅದರ ಪ್ರಯೋಜನವೂ ಇರುತ್ತದೆ. ಆದ್ದರಿಂದ ಆಸ್ತಿಯ ಅಸಲು ಬೆಲೆ ಎಂದರೆ ಮಾರಿದವರಿಗೆ ಕೊಟ್ಟದ್ದು ಮಾತ್ರವಲ್ಲ, ಅದನ್ನು ನಮ್ಮದಾಗಿಸಿ ಬಳಕೆಗೆ ತರುವವರೆಗೆ ಅದಕ್ಕಾಗಿಯೇ ಆದ ವೆಚ್ಚವೂ ಸೇರಿದ್ದು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ ಹೊರಡಿಸಿರುವ 10ನೇ ಲೆಕ್ಕಪತ್ರ ಮಾನದಂಡ ಹೇಳುವುದೂ ಇದನ್ನೇ. ಹಿಂದಿರುಗಿ ಬಾರದ ತೆರಿಗೆ, ವೃತ್ತಿಪರರಿಗೆ ಕೊಟ್ಟ ಶುಲ್ಕ ಇವೆಲ್ಲ ಆಸ್ತಿಯ ಬೆಲೆಗೆ ಸೇರಬೇಕು. ಎಂಟು ಲಕ್ಷವನ್ನು ಒಂದೇ ವರ್ಷದ ಖರ್ಚಿಗೆ ಹಾಕಿದ್ದರೆ ಈ ಸಾಲಿನಲ್ಲಿ ಟ್ರಸ್ಟ್ ಕೊರತೆಯಲ್ಲಿದೆ ಎಂದು ಕಾಣುತ್ತಿತ್ತು. ಮುಂದಿನ ವರ್ಷಗಳಲ್ಲಿ ವಿದ್ಯಾರ್ಥಿನಿಲಯ ನಡೆಸುವುದು ಇರುವುದಕ್ಕಿಂತ ಅಗ್ಗ ಎಂದೂ ಕಾಣುತ್ತಿತ್ತು.

ಅದೇ ಮಾನದಂಡ ಇನ್ನೊಂದು ಮಾತನ್ನೂ ಹೇಳುತ್ತದೆ. ನೆಲ ಮತ್ತು ಕಟ್ಟಡವನ್ನು ಒಟ್ಟಿಗೆ ಕೊಂಡರೂ ಲೆಕ್ಕದಲ್ಲಿ ಅವು ಬೇರೆ ಬೇರೆ ಆಸ್ತಿಗಳು. ಕಾರಣ ಸರಳ. ಕಟ್ಟಡ ಸವೆಯುತ್ತದೆ. ನಮ್ಮ ಕರಾವಳಿಯ ಮಳೆಗೆ ಸ್ಲ್ಯಾಬ್ ಸೋರುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ಒಂದು ದಿನ ಕೆಡವಿ ಹೊಸತು ಕಟ್ಟಬೇಕಾಗುತ್ತದೆ. ಅದಕ್ಕಾಗಿ ವರ್ಷವರ್ಷವೂ ಅದರ ಬೆಲೆಯ ಒಂದು ಪಾಲನ್ನು ಸವಕಳಿಯಾಗಿ ಬರೆಯಬೇಕು. ನೆಲ ಹಾಗೆ ಸವೆಯುವುದಿಲ್ಲ, ಅದಕ್ಕೆ ಸವಕಳಿ ಇಲ್ಲ. ನಮ್ಮ ಟ್ರಸ್ಟಿನ ರೂಢಿಯಂತೆ ಸವಕಳಿಯಷ್ಟು ಹಣವನ್ನು ಪ್ರತಿವರ್ಷ ಕಟ್ಟಡ ನವೀಕರಣ ನಿಧಿಗೆ ಎತ್ತಿಡುತ್ತೇವೆ, ಆಮೇಲೆ ಉಳಿದದ್ದರಲ್ಲಿ ವಿದ್ಯಾರ್ಥಿವೇತನದ ಮೊತ್ತ ನಿಗದಿಯಾಗುತ್ತದೆ. ಹಾಗಾಗಿ ಬೆಲೆಯಲ್ಲಿ ಎಷ್ಟು ಪಾಲು ನೆಲದ್ದು, ಎಷ್ಟು ಕಟ್ಟಡದ್ದು ಎಂಬುದು ಬರಿಯ ಕಾಗದದ ವಿಷಯವಲ್ಲ.

ಪಾಲು ಮಾಡುವುದು ಹೇಗೆ? ಕ್ರಯಪತ್ರದಲ್ಲಿ ನೆಲಕ್ಕಿಷ್ಟು, ಕಟ್ಟಡಕ್ಕಿಷ್ಟು ಎಂದು ಬರೆದಿರಲಿಲ್ಲ, ಒಟ್ಟು ಬೆಲೆ ಮಾತ್ರ ಇತ್ತು. ಬರೆದಿದ್ದರೂ ಅದನ್ನು ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಮಾರುವವರು ಮತ್ತು ಕೊಳ್ಳುವವರು ತಮ್ಮ ತಮ್ಮ ಅನುಕೂಲಕ್ಕೆ ಬರೆಸಿಕೊಳ್ಳುವ ಸಂಖ್ಯೆ ಅದಾಗಿರಬಹುದು. ಬೇಕಾದದ್ದು ಕೊಂಡ ದಿನದಂದು ನೆಲವನ್ನೇ ಮಾರಿದರೆ ಎಷ್ಟು, ಆ ಸ್ಥಿತಿಯ ಕಟ್ಟಡದ ಬೆಲೆ ಎಷ್ಟು ಎಂಬ ಎರಡು ಅಂದಾಜು. ನಮ್ಮ ಮುಂದೆ ಇಂಥ ಅಂದಾಜು ಎರಡು ಕಡೆಯಿಂದ ಬಂದಿತ್ತು.

ಒಂದು ಮಾರ್ಗಸೂಚಿ ಬೆಲೆಯ ಲೆಕ್ಕ. ಅದರಲ್ಲಿ ನೆಲಕ್ಕೆ 70 ಲಕ್ಷ, ಕಟ್ಟಡಕ್ಕೆ 42 ಲಕ್ಷ. ಇನ್ನೊಂದು ಸ್ಥಳಕ್ಕೆ ಬಂದು ನೋಡಿದ ನೋಂದಾಯಿತ ಮೌಲ್ಯಮಾಪಕರ ವರದಿ. ಅದರಲ್ಲಿ ನೆಲಕ್ಕೆ 90 ಲಕ್ಷ, ಕಟ್ಟಡಕ್ಕೆ 45 ಲಕ್ಷ. ಮೊದಲನೆಯದು ಖರ್ಚಿಲ್ಲದೆ ಸಿಗುತ್ತದೆ, ಸರ್ಕಾರದ್ದೇ ಸಂಖ್ಯೆ, ಯಾರೂ ಪ್ರಶ್ನಿಸಲಾರರು ಎಂದು ಕೆಲವು ಸದಸ್ಯರ ವಾದವಿತ್ತು. ಆದರೆ ಮಾರ್ಗಸೂಚಿ ಬೆಲೆ ಇರುವುದು ಶುಲ್ಕ ವಸೂಲಿಗೆ. ಅದು ಇಡೀ ರಸ್ತೆಗೆ ಅಥವಾ ಪ್ರದೇಶಕ್ಕೆ ಒಂದು ದರ ಹಾಕುತ್ತದೆ, ಕಟ್ಟಡಕ್ಕೆ ಅದರ ಬಗೆ ಮತ್ತು ವಯಸ್ಸು ನೋಡಿ ಚದರ ಲೆಕ್ಕದಲ್ಲಿ ದರ ಹಾಕುತ್ತದೆ. ಹಿಂಬದಿಯ ಗೋಡೆ ಬಿರುಕು ಬಿಟ್ಟದ್ದು, ಶೌಚಾಲಯಗಳು ಕೆಟ್ಟದ್ದು, ನಮ್ಮ ಜಾಗ ಬಸ್ ನಿಲ್ದಾಣಕ್ಕೆ ಹತ್ತಿರವಿದ್ದು ಮುಂಭಾಗ ಅಗಲವಾಗಿರುವುದು ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಮೌಲ್ಯಮಾಪಕರು ಇವನ್ನೆಲ್ಲ ನೋಡಿ ಬರೆದಿದ್ದಾರೆ. ಅಕ್ಕಪಕ್ಕದ ಖಾಲಿ ಜಾಗಗಳ ನೋಂದಣಿಯ ವಿವರವನ್ನೂ ವರದಿಗೆ ಲಗತ್ತಿಸಿದ್ದಾರೆ. ಆದ್ದರಿಂದ ನಾವು ಅದನ್ನೇ ಆಧಾರವಾಗಿ ತೆಗೆದುಕೊಂಡೆವು. ಮೌಲ್ಯಮಾಪನದ ವರದಿ ಇಲ್ಲದ ಸಣ್ಣ ಖರೀದಿಗಳಲ್ಲಿ ಮಾರ್ಗಸೂಚಿ ಬೆಲೆಯ ಅನುಪಾತ ಬಳಸುವುದು ತಪ್ಪೇನಲ್ಲ, ಏನೂ ಇಲ್ಲದ್ದಕ್ಕಿಂತ ಅದು ಮೇಲು.

ವರದಿಯ ಒಟ್ಟು 1 ಕೋಟಿ 35 ಲಕ್ಷ. ನಾವು ಕೊಟ್ಟದ್ದು 1 ಕೋಟಿ 20 ಲಕ್ಷ. ಚೌಕಾಸಿಯಲ್ಲಿ 15 ಲಕ್ಷ ಕಡಿಮೆಯಾಯಿತು, ಅಲ್‌ಹಮ್ದುಲಿಲ್ಲಾಹ್. ಹಲವರು ಜಾರುವುದು ಇಲ್ಲಿಯೇ. 'ಕಟ್ಟಡಕ್ಕೆ 45 ಲಕ್ಷ ಎಂದು ವರದಿ ಇದೆಯಲ್ಲ, ಅದನ್ನು 1 ಕೋಟಿ 20 ಲಕ್ಷದಿಂದ ಕಳೆದರೆ ಉಳಿದ 75 ಲಕ್ಷ ನೆಲದ್ದು' ಎನ್ನುತ್ತಾರೆ. ಇನ್ನೊಬ್ಬರು ನೆಲದ 90 ಲಕ್ಷವನ್ನು ಹಾಗೇ ಹಿಡಿದು ಕಟ್ಟಡಕ್ಕೆ 30 ಲಕ್ಷ ಉಳಿಸುತ್ತಾರೆ. ಒಂದೇ ವರದಿಯಿಂದ ಕಟ್ಟಡಕ್ಕೆ ಒಮ್ಮೆ 45, ಒಮ್ಮೆ 30! ಹೀಗಾಗುವುದು ಚೌಕಾಸಿಯ ಲಾಭ ಪೂರ್ತಿ ಒಂದೇ ಕಡೆಗೆ ಬೀಳುವುದರಿಂದ. ಮಾರಿದವರು ಬೆಲೆ ಇಳಿಸಿದ್ದು ನೆಲಕ್ಕೂ ಅಲ್ಲ, ಕಟ್ಟಡಕ್ಕೂ ಅಲ್ಲ, ಎರಡಕ್ಕೂ ಸೇರಿ. ಆದ್ದರಿಂದ ವರದಿಯಿಂದ ತೆಗೆದುಕೊಳ್ಳಬೇಕಾದದ್ದು ಅದರ ಮೊತ್ತಗಳನ್ನಲ್ಲ, ಅವುಗಳ ಅನುಪಾತವನ್ನು. 90ಕ್ಕೆ 45 ಅಂದರೆ ಎರಡು ಪಾಲು ನೆಲ, ಒಂದು ಪಾಲು ಕಟ್ಟಡ. ಅದರಂತೆ 1 ಕೋಟಿ 20 ಲಕ್ಷದಲ್ಲಿ ನೆಲಕ್ಕೆ 80 ಲಕ್ಷ, ಕಟ್ಟಡಕ್ಕೆ 40 ಲಕ್ಷ.

ಜಾಗದಲ್ಲಿರುವ ಆರು ತೆಂಗಿನ ಮರಗಳ ಲೆಕ್ಕ ಎಲ್ಲಿ ಎಂದು ಒಬ್ಬ ಹಿರಿಯರು ಕೇಳಿದ್ದಾರೆ. ಮೌಲ್ಯಮಾಪಕರು ಅವನ್ನು ನೆಲದ ಬೆಲೆಯೊಳಗೇ ಸೇರಿಸಿದ್ದಾರೆ. ಕಾಯಿ ಮಾತ್ರ ವಿದ್ಯಾರ್ಥಿನಿಲಯದ ಅಡುಗೆಮನೆಗೆ.

ಇನ್ನು ಶುಲ್ಕ ಮತ್ತು ಫೀಸುಗಳು. ಇವನ್ನು ಪಾಲು ಮಾಡುವ ಮೊದಲು ಪ್ರತಿ ಬಿಲ್ಲಿಗೂ ಒಂದು ಪ್ರಶ್ನೆ ಕೇಳಬೇಕು: ಈ ಹಣ ಯಾವುದಕ್ಕಾಗಿ ಹೋಯಿತು? ಉತ್ತರ ನಾಲ್ಕು ಬಗೆ. ನೆಲಕ್ಕೆ ಮಾತ್ರ, ಕಟ್ಟಡಕ್ಕೆ ಮಾತ್ರ, ಎರಡಕ್ಕೂ ಸೇರಿ, ಇಲ್ಲವೇ ಎರಡಕ್ಕೂ ಅಲ್ಲ.

ಎರಡಕ್ಕೂ ಸೇರಿದ್ದರಲ್ಲಿ ದೊಡ್ಡದು ಆ 7,92,000. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಬೆಲೆಯ ಪ್ರತಿಯೊಂದು ರೂಪಾಯಿಯ ಮೇಲೂ ಒಂದೇ ದರದಲ್ಲಿ ಬಿದ್ದಿವೆ, ಆ ರೂಪಾಯಿ ನೆಲದ್ದೋ ಕಟ್ಟಡದ್ದೋ ಎಂದು ಉಪನೋಂದಣಿ ಕಚೇರಿ ಕೇಳಿಲ್ಲ. ಹಾಗಾಗಿ ಬೆಲೆ ಹೋದ ದಾರಿಯಲ್ಲೇ ಶುಲ್ಕವೂ ಹೋಗಬೇಕು. ವಕೀಲರ ಫೀಸು 90,000 ರೂಪಾಯಿ. ಹಿಂದಿನ ಮೂವತ್ತು ವರ್ಷದ ದಾಖಲೆ ಪರಿಶೀಲನೆ, ಋಣಭಾರ ಪತ್ರ ಅಂದರೆ ಇ.ಸಿ. ತೆಗೆಸಿದ್ದು, ಕ್ರಯಪತ್ರದ ಕರಡು, ಖಾತೆ ಬದಲಾವಣೆ ಎಲ್ಲ ಅದರಲ್ಲೇ ಸೇರಿದೆ. ಕೆಲಸ ಇಡೀ ಆಸ್ತಿಯ ಹಕ್ಕಿಗೆ ಸಂಬಂಧಿಸಿದ್ದು. ಮಧ್ಯವರ್ತಿಯ ಕಮಿಷನ್ 90,000, ಅದೂ ಹಾಗೆಯೇ. ಮೂರೂ ಕೂಡಿ ರೂ. 9,72,000. ಎರಡು-ಒಂದರ ಅನುಪಾತದಲ್ಲಿ ನೆಲಕ್ಕೆ 6,48,000, ಕಟ್ಟಡಕ್ಕೆ 3,24,000.

ನೆಲಕ್ಕೆ ಮಾತ್ರ ಸೇರುವುದು ಗಡಿ ಅಳತೆಯ ವೆಚ್ಚ 10,000. ಪಕ್ಕದವರ ಕಾಂಪೌಂಡ್ ನಮ್ಮ ಜಾಗಕ್ಕೆ ಬಂದಿದೆಯೇ ಎಂದು ನೋಡಲು ಮಾಡಿಸಿದ್ದು, ಕಟ್ಟಡಕ್ಕೆ ಅದರ ಸಂಬಂಧವಿಲ್ಲ. ಕಟ್ಟಡಕ್ಕೆ ಮಾತ್ರ ಸೇರುವುದು ಕಟ್ಟಡದ ಬಲ ಪರೀಕ್ಷಿಸಿದ ಎಂಜಿನಿಯರರ ಶುಲ್ಕ 40,000, ಮತ್ತು ಮಕ್ಕಳನ್ನು ಇರಿಸುವ ಮೊದಲು ಆಗಲೇಬೇಕಿದ್ದ ಕೆಲಸಗಳು, ಅಂದರೆ ಹೊಸ ವೈರಿಂಗ್, ಶೌಚಾಲಯ, ಬಿರುಕು ಬಿಟ್ಟ ಗೋಡೆಯ ದುರಸ್ತಿ, ರೂ. 5,86,000. ಇಂಥವನ್ನು ಅನುಪಾತಕ್ಕೆ ಎಳೆದು ಹಂಚಬಾರದು. ಹಂಚಿದರೆ ಶೌಚಾಲಯದ ಟೈಲ್ಸಿನ ಮೂರರಲ್ಲಿ ಎರಡು ಪಾಲು ಎಂದೂ ಸವೆಯದ ನೆಲದ ಲೆಕ್ಕಕ್ಕೆ ಹೋಗಿ ಕೂತುಬಿಡುತ್ತದೆ.

ಎರಡಕ್ಕೂ ಸೇರದವು ಕೂಡ ಇವೆ. ಇದಕ್ಕೆ ಮೊದಲು ಇನ್ನೊಂದು ಜಾಗ ನೋಡಿದ್ದೆವು. ವಾರಸುದಾರರ ಸಹಿ ಕೂಡದೆ ಅದು ಬಿಟ್ಟುಹೋಯಿತು. ಅದರ ದಾಖಲೆ ಪರಿಶೀಲನೆಗೆ ವಕೀಲರಿಗೆ ಕೊಟ್ಟ 25,000 ಈ ಆಸ್ತಿಯ ಬೆಲೆಯಾಗುವುದಿಲ್ಲ, ಅದು ಸಾಲಿನ ಖರ್ಚು. ಉದ್ಘಾಟನೆಯ ಶಾಮಿಯಾನ, ಚಹಾ, ಸಮೋಸವೂ ಖರ್ಚೇ. ನೋಂದಣಿಯ ನಂತರದ ಅವಧಿಯ ಮನೆ ತೆರಿಗೆಯೂ ಖರ್ಚೇ. ಸಾಲ ತೆಗೆದು ಕೊಂಡಿದ್ದರೆ ಬ್ಯಾಂಕಿಗೆ ಕೊಡುವ ಅಡಮಾನ ಪತ್ರದ ಶುಲ್ಕ ಸಾಲದ ವೆಚ್ಚವಾಗುತ್ತಿತ್ತೇ ಹೊರತು ಆಸ್ತಿ ಕೊಂಡ ವೆಚ್ಚವಲ್ಲ. ನಾವು ಸಾಲ ಮಾಡಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇವೆ. ಬ್ಯಾಂಕ್ ಪುಸ್ತಕದಲ್ಲಿ ಆದಾಯ ತೆರಿಗೆ ಇಲಾಖೆಗೆ 1,20,000 ಕಟ್ಟಿದ ನಮೂದು ಇದೆ. 50 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಆಸ್ತಿ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1ನ್ನು ಮುರಿದು ಇಲಾಖೆಗೆ ಕಟ್ಟಬೇಕು, ಅದು ಟಿ.ಡಿ.ಎಸ್. ಮಾರಿದವರ ಕೈಗೆ 1,18,80,000 ಹೋಯಿತು, ಅವರ ಹೆಸರಿಗೆ 1,20,000 ಇಲಾಖೆಗೆ ಹೋಯಿತು. ಎರಡೂ ಕೂಡಿಯೇ 1 ಕೋಟಿ 20 ಲಕ್ಷ. ಅದು ಮೇಲಿನ ವೆಚ್ಚವಲ್ಲ, ಮತ್ತೊಮ್ಮೆ ಸೇರಿಸಿದರೆ ಆಸ್ತಿಯ ಬೆಲೆ ಸುಮ್ಮನೆ ಉಬ್ಬುತ್ತದೆ. ನೋಂದಣಿ ಶುಲ್ಕವೂ 1,20,000ವೇ ಆದುದರಿಂದ ಎರಡನ್ನೂ ಒಂದೇ ಎಂದು ತಿಳಿಯುವುದು ಸುಲಭ.

ಈಗ ಕೂಡಿಸಿ ನೋಡಿ. ನೆಲ: 80,00,000, ಅದಕ್ಕೆ 6,48,000, ಅಳತೆಯ 10,000, ಒಟ್ಟು 86,58,000. ಕಟ್ಟಡ: 40,00,000, ಅದಕ್ಕೆ 3,24,000, ಎಂಜಿನಿಯರರ 40,000, ದುರಸ್ತಿ 5,86,000, ಒಟ್ಟು 49,50,000. ಎರಡೂ ಸೇರಿ 1,36,08,000. ಲೆಕ್ಕ ಸರಿಯಿದೆಯೇ ಎಂದು ನೋಡಲು ಸದಸ್ಯರು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಬಿಲ್ಲುಗಳನ್ನೆಲ್ಲ ಕೂಡಿದರೆ ಇದೇ ಒಟ್ಟು ಬರಬೇಕು, ಒಂದು ರೂಪಾಯಿ ಹೆಚ್ಚು ಕಡಿಮೆ ಆಗಬಾರದು. ಮತ್ತೆ, ಸಾಮಾನ್ಯ ವೆಚ್ಚವು ಬೆಲೆಯ ಎಷ್ಟು ಶೇಕಡಾ ಎಂದು ನೆಲಕ್ಕೂ ಕಟ್ಟಡಕ್ಕೂ ಬೇರೆ ಬೇರೆ ಲೆಕ್ಕ ಹಾಕಿದರೆ ಎರಡೂ ಕಡೆ ಒಂದೇ ಉತ್ತರ ಬರಬೇಕು. ಇಲ್ಲಿ ಎರಡೂ ಕಡೆ ಶೇಕಡಾ 8.1. ಒಂದು ಕಡೆ ಹೆಚ್ಚಾಗಿದ್ದರೆ ಯಾರೋ ಶುಲ್ಕವನ್ನು ಅತ್ತ ವಾಲಿಸಿದ್ದಾರೆ ಎಂದೇ ಅರ್ಥ.

ವಾಲಿಸಿದರೆ ಏನಾಗುತ್ತದೆ? ಎಂಜಿನಿಯರರ ಪ್ರಕಾರ ಕಟ್ಟಡಕ್ಕೆ ಇನ್ನು 30 ವರ್ಷದ ಆಯಸ್ಸಿದೆ. 49,50,000ವನ್ನು 30ರಿಂದ ಭಾಗಿಸಿದರೆ ವರ್ಷಕ್ಕೆ 1,65,000 ಸವಕಳಿ. ದುರಸ್ತಿ ಮುಗಿದು ಕಟ್ಟಡ ಬಳಕೆಗೆ ಸಿದ್ಧವಾದದ್ದು 2024ರ ಮಾರ್ಚ್ ಕೊನೆಗೆ, ಆದ್ದರಿಂದ ಈ ಸಾಲಿನಲ್ಲಿ ಸವಕಳಿ ಇಲ್ಲ, ಏಪ್ರಿಲ್‌ನಿಂದ ಆರಂಭ. 'ಕಾಗದಪತ್ರ ಆದದ್ದು ವಿದ್ಯಾರ್ಥಿನಿಲಯಕ್ಕಾಗಿ ತಾನೇ' ಎಂದು 9,72,000ವನ್ನು ಪೂರ್ತಿ ಕಟ್ಟಡಕ್ಕೆ ಹಾಕಿದ್ದರೆ ಕಟ್ಟಡದ ಬೆಲೆ 6,48,000 ಹೆಚ್ಚುತ್ತಿತ್ತು, ಸವಕಳಿ ವರ್ಷಕ್ಕೆ 21,600 ಹೆಚ್ಚುತ್ತಿತ್ತು. ನಾವು ಪಿಯುಸಿ ವಿದ್ಯಾರ್ಥಿಗೆ ತಿಂಗಳಿಗೆ 600ರಂತೆ ವರ್ಷಕ್ಕೆ 7,200 ಕೊಡುತ್ತೇವೆ. ಅಂದರೆ ಪ್ರತಿವರ್ಷ ಮೂವರು ಮಕ್ಕಳ ಹಣ, ಎಂದೂ ಸವೆಯದ ನೆಲದ ಶುಲ್ಕವನ್ನು ಸವೆದಂತೆ ತೋರಿಸಲು ನಿಧಿಯೊಳಗೆ ಕೂರುತ್ತಿತ್ತು. ಮಾರ್ಗಸೂಚಿ ಬೆಲೆಯ ಅನುಪಾತ ಹಿಡಿದಿದ್ದರೂ ಕಟ್ಟಡದ ಪಾಲು ಏರಿ ಸವಕಳಿ ಸುಮಾರು 18,000 ಹೆಚ್ಚಾಗುತ್ತಿತ್ತು. ತದ್ವಿರುದ್ಧವಾಗಿ, ಎಲ್ಲವನ್ನೂ ನೆಲಕ್ಕೆ ಹಾಕಿ ಸವಕಳಿ ಇಳಿಸಿ ಇಂದು ಹೆಚ್ಚು ವಿದ್ಯಾರ್ಥಿವೇತನ ಕೊಡೋಣ ಎಂಬ ಸಲಹೆಯೂ ಬಂದಿತ್ತು. ಆ ಸಲಹೆಯ ಹಿಂದಿನ ಮನಸ್ಸು ಒಳ್ಳೆಯದೇ. ಆದರೆ ಮೂವತ್ತು ವರ್ಷದ ನಂತರ ಕಟ್ಟಡ ಬೀಳುವ ಹೊತ್ತಿಗೆ ನವೀಕರಣ ನಿಧಿ ಅಷ್ಟರಮಟ್ಟಿಗೆ ಖಾಲಿಯಿರುತ್ತದೆ, ಆಗಿನ ಮಕ್ಕಳು ಅದನ್ನು ತುಂಬಬೇಕಾಗುತ್ತದೆ.

ಸವಕಳಿ ಹೆಚ್ಚು ತೋರಿಸಿದರೆ ತೆರಿಗೆ ಉಳಿಯುತ್ತದಲ್ಲ ಎಂದು ವ್ಯಾಪಾರ ಮಾಡುವ ಕೆಲವು ಸದಸ್ಯರು ಹೇಳಿದರು. ಅಂಗಡಿಯ ಲೆಕ್ಕದಲ್ಲಿ ಅದು ನಿಜ. ಧರ್ಮಾರ್ಥ ಟ್ರಸ್ಟಿಗೆ ಅದು ಹೊಂದುವುದಿಲ್ಲ. ಆಸ್ತಿ ಕೊಂಡ ಹಣವನ್ನು ಟ್ರಸ್ಟಿನ ಉದ್ದೇಶಕ್ಕೆ ವಿನಿಯೋಗಿಸಿದ್ದೆಂದು ಆದಾಯ ತೆರಿಗೆಯ ಲೆಕ್ಕದಲ್ಲಿ ಒಮ್ಮೆ ತೋರಿಸಿದ ಮೇಲೆ, ಅದೇ ಆಸ್ತಿಯ ಮೇಲೆ ಸವಕಳಿಯನ್ನು ಮತ್ತೊಮ್ಮೆ ಕಳೆಯುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 11ರ ಆರನೇ ಉಪವಿಭಾಗ 2015–16ರ ಕರನಿರ್ಧಾರಣಾ ವರ್ಷದಿಂದ ಇದನ್ನು ತಡೆದಿದೆ. ನಮ್ಮ ಪುಸ್ತಕದ ಸವಕಳಿ ತೆರಿಗೆಗಾಗಿ ಅಲ್ಲ, ವಿದ್ಯಾರ್ಥಿನಿಲಯ ನಡೆಸಲು ನಿಜವಾಗಿ ಎಷ್ಟು ತಗಲುತ್ತದೆ ಎಂದು ತಿಳಿಯಲು.

ಕಟ್ಟಡ ಕೆಡವುವ ಯೋಚನೆಯಿಂದ ಕೊಂಡಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಆಗ ಹಳೆಯ ಗೋಡೆಗಳಿಗೆ ನಾವು ಬೆಲೆ ಕೊಟ್ಟಿಲ್ಲ, ಜಾಗಕ್ಕಾಗಿಯೇ ಕೊಂಡಿದ್ದೇವೆ ಎಂದು ಪೂರ್ತಿ ಬೆಲೆ ಮತ್ತು ಶುಲ್ಕ ನೆಲದ ಲೆಕ್ಕಕ್ಕೆ ಹೋಗುತ್ತಿತ್ತು. ಟ್ರಸ್ಟಿಗಳ ನಿರ್ಣಯದಲ್ಲಿ 'ಇರುವ ಕಟ್ಟಡವನ್ನು ದುರಸ್ತಿ ಮಾಡಿ ಬಳಸಲು' ಎಂದು ಸ್ಪಷ್ಟವಾಗಿ ಬರೆಸಿದ್ದು ಇದಕ್ಕಾಗಿಯೇ.

ಕ್ರಯಪತ್ರದ ಪ್ರತಿ, ಮೌಲ್ಯಮಾಪಕರ ಮತ್ತು ಎಂಜಿನಿಯರರ ವರದಿ, ಶುಲ್ಕದ ಚಲನ್‌ಗಳು, ವಕೀಲರ ಬಿಲ್ಲು ಮತ್ತು ಹಂಚಿಕೆಯ ಒಂದು ಪುಟದ ಟಿಪ್ಪಣಿ ಒಂದೇ ಕಡತದಲ್ಲಿವೆ. ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ನೋಡಬಹುದು. ಕಟ್ಟಡದ ಆಯಸ್ಸಿನ ಅಂದಾಜನ್ನು ಪ್ರತಿವರ್ಷ ಲೆಕ್ಕ ಮುಗಿಸುವಾಗ ಮತ್ತೆ ನೋಡುತ್ತೇವೆ. ದೊಡ್ಡ ದುರಸ್ತಿ ಬಂದರೆ ಅಥವಾ ಎಂಜಿನಿಯರರು ವರ್ಷ ಕಡಿಮೆ ಮಾಡಿದರೆ ಉಳಿದ ಬೆಲೆಯನ್ನು ಉಳಿದ ವರ್ಷಗಳಿಗೆ ಹಂಚುತ್ತೇವೆ. ನೆಲದ ಸಾಲು ಮಾತ್ರ ನಾವಾಗಿ ಮಾರುವವರೆಗೆ 86,58,000 ಆಗಿಯೇ ಇರುತ್ತದೆ.